ಯಾರ ಅಂಕ ಯಾರಿಗೆ ಕಾಣಬೇಕು: ಶಾಲಾ ಪೋರ್ಟಲ್ಲಿನ ಒಳಗಣ ನಿಯಮ

ಶಾಲೆಯ ಅಂಕಗಳ ಪೋರ್ಟಲ್ಲಿನಲ್ಲಿ ಒಂದೊಂದು ಮಗುವಿಗೆ ಒಂದೊಂದು ಕಡತ ಇರುವುದಿಲ್ಲ. ಇಡೀ ಶಾಲೆಯ ಅಂಕಗಳು ಒಂದೇ ಕೋಷ್ಟಕದಲ್ಲಿ ಸಾಲುಸಾಲಾಗಿ ಇರುತ್ತವೆ. ಒಂದು ಸಾಲೆಂದರೆ ಒಬ್ಬ ವಿದ್ಯಾರ್ಥಿ ಒಂದು ಪರೀಕ್ಷೆಯಲ್ಲಿ ಒಂದು ವಿಷಯಕ್ಕೆ ಪಡೆದ ಅಂಕ. ಆರುನೂರು ಮಕ್ಕಳಿರುವ ಶಾಲೆಯಲ್ಲಿ ಆರು ವಿಷಯ, ವರ್ಷಕ್ಕೆ ನಾಲ್ಕು ಎಫ್‌ಎ ಮತ್ತು ಎರಡು ಎಸ್‌ಎ ಎಂದು ಲೆಕ್ಕ ಹಿಡಿದರೆ ಒಂದು ವರ್ಷಕ್ಕೆ 21,600 ಸಾಲುಗಳಾಗುತ್ತವೆ. ತಾಯಿಯೊಬ್ಬರು ಮೊಬೈಲಿನಲ್ಲಿ ಪೋರ್ಟಲ್ ತೆರೆದಾಗ ಅವರಿಗೆ ಕಾಣಬೇಕಾದದ್ದು ಅದರಲ್ಲಿ 36 ಸಾಲು ಮಾತ್ರ. ಉಳಿದ 21,564 ಸಾಲುಗಳು ಅದೇ ಕೋಷ್ಟಕದಲ್ಲಿ, ಅದೇ ಸರ್ವರಿನಲ್ಲಿ ಇದ್ದೂ ಅವರ ಕಣ್ಣಿಗೆ ಬೀಳಬಾರದು. ಇದನ್ನು ನೋಡಿಕೊಳ್ಳುವ ಕಟ್ಟಳೆಯೇ ಗೋಚರತೆಯ ನಿಯಮ.

ಈ ಕೆಲಸವನ್ನು ಲಾಗಿನ್ ಮಾಡಿಬಿಡುತ್ತದೆ ಎಂದು ಎಷ್ಟೋ ಜನ ತಿಳಿದಿರುತ್ತಾರೆ. ಪಾಸ್‌ವರ್ಡ್ ಅಥವಾ ಒಟಿಪಿ ಉತ್ತರಿಸುವುದು ‘ಬಂದವರು ಯಾರು’ ಎಂಬ ಪ್ರಶ್ನೆಗೆ ಮಾತ್ರ. ‘ಇವರು ಏನನ್ನು ನೋಡಬಹುದು’ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಏರ್ಪಾಡು ಬೇಕು. ಮೊದಲನೆಯದನ್ನು ಅಚ್ಚುಕಟ್ಟಾಗಿ ಮಾಡಿ ಎರಡನೆಯದನ್ನು ಮರೆತ ಪೋರ್ಟಲ್ಲಿನಲ್ಲಿ ಸರಿಯಾಗಿ ಲಾಗಿನ್ ಆದ ಯಾವ ಪೋಷಕರಾದರೂ ಬೇರೆ ಮಕ್ಕಳ ಅಂಕ ನೋಡಬಹುದು. ಅದಕ್ಕೆ ಯಾರ ಪಾಸ್‌ವರ್ಡನ್ನೂ ಕದಿಯಬೇಕಾಗಿಲ್ಲ.

ವಿಳಾಸದಲ್ಲಿ ಒಂದು ಅಂಕಿ ಬದಲಾದರೆ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗಬಹುದು. ಪೋರ್ಟಲ್ಲಿನಲ್ಲಿ 27ನೇ ಸಂಖ್ಯೆಯ ಪೋಷಕರಿಗೆ ಅದೇ ಶಾಲೆಯಲ್ಲಿ ಇಬ್ಬರು ಮಕ್ಕಳು: ಎಂಟನೇ ತರಗತಿಯ 1043 ಮತ್ತು ಐದನೇ ತರಗತಿಯ 1051. ದೊಡ್ಡ ಮಗುವಿನ ಅಂಕಪಟ್ಟಿ ತೆರೆದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕೊನೆಗೆ `marks?student=1043` ಎಂದಿರುತ್ತದೆ. ಅವರು ಕುತೂಹಲಕ್ಕೆ 3 ಅಳಿಸಿ 4 ಒತ್ತುತ್ತಾರೆ. 1044 ಎಂದರೆ ಹಾಜರಿ ಪುಸ್ತಕದಲ್ಲಿ ಮುಂದಿನ ಹೆಸರು, ಅದೇ ತರಗತಿಯ ಇನ್ನೊಂದು ಮಗು. ಸರ್ವರ್ ಬಂದ ಸಂಖ್ಯೆಯನ್ನು ಹಾಗೆಯೇ ನಂಬಿ ಡೇಟಾಬೇಸಿಗೆ ಕೇಳಿದರೆ ಆ ಮಗುವಿನ ಅಂಕಗಳೆಲ್ಲ ತೆರೆದುಕೊಳ್ಳುತ್ತವೆ.

ಈ ದೋಷ ಹೊಸದಲ್ಲ. ವೆಬ್ ತಂತ್ರಾಂಶಗಳ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಪ್ರಕಟಿಸುವ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ 2007ರಲ್ಲೇ ಇದಕ್ಕೆ ಪ್ರತ್ಯೇಕ ಸ್ಥಾನವಿತ್ತು. 2017ರಲ್ಲಿ ಇದನ್ನು ‘ಮುರಿದ ಪ್ರವೇಶ ನಿಯಂತ್ರಣ’ ಎಂಬ ದೊಡ್ಡ ಗುಂಪಿಗೆ ಸೇರಿಸಲಾಯಿತು. 2021ರ ಪಟ್ಟಿಯಲ್ಲಿ ಆ ಗುಂಪು ಮೊದಲನೆಯ ಸ್ಥಾನಕ್ಕೇರಿತು. ಇಷ್ಟು ಹಳೆಯ ದೋಷ ಇನ್ನೂ ಉಳಿದಿರುವುದಕ್ಕೆ ಕಾರಣವಿದೆ. ಪೋರ್ಟಲ್ ಸರಿಯಾಗಿ ಬಳಸುವವರ ಕೈಯಲ್ಲಿ ಸರಿಯಾಗಿಯೇ ನಡೆಯುತ್ತದೆ. ಪ್ರತಿ ಪೋಷಕರಿಗೂ ತಮ್ಮ ಮಗುವಿನ ಅಂಕವೇ ಕಾಣುತ್ತಿರುವುದರಿಂದ ಯಾರೂ ದೂರು ಕೊಡುವುದಿಲ್ಲ.

ಇದಕ್ಕೆ ಸುಲಭವಾಗಿ ಹೊಳೆಯುವ ಎರಡು ಪರಿಹಾರಗಳು ಪರಿಹಾರವಲ್ಲ. ಮೊದಲನೆಯದು, ಎಲ್ಲ ಮಕ್ಕಳ ಅಂಕಗಳನ್ನೂ ಮೊಬೈಲಿಗೆ ಕಳಿಸಿ, ಬೇಡದವನ್ನು ಪರದೆಯ ಮೇಲೆ ಮಾತ್ರ ಮರೆಮಾಡುವುದು. ಮಾಹಿತಿ ಆಗಲೇ ಪೋಷಕರ ಕೈಯಲ್ಲಿರುವ ಯಂತ್ರಕ್ಕೆ ಬಂದಾಗಿದೆ. ಬ್ರೌಸರಿನ ಒಳಗಣ ಕಿಟಕಿಗಳನ್ನು ತೆರೆಯಬಲ್ಲವರು ಅದನ್ನು ಓದಬಲ್ಲರು. ಎರಡನೆಯದು, 1043ರ ಬದಲು ಊಹಿಸಲಾಗದ ಉದ್ದನೆಯ ಗುರುತನ್ನು ಕೊಡುವುದು. ಇದರಿಂದ ಒಂದು ಅಂಕಿ ಬದಲಿಸಿ ಮುಂದಿನ ಮಗುವನ್ನು ಹುಡುಕುವುದು ತಪ್ಪುತ್ತದೆ. ಆದರೆ ಯಾರಾದರೂ ಆ ಲಿಂಕನ್ನು ತರಗತಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ಲಾಗಿನ್ ಆಗಿರುವ ಎಲ್ಲ ಪೋಷಕರಿಗೂ ಅದು ತೆರೆದುಕೊಳ್ಳುತ್ತದೆ. ಕೇಳಿದವರು ಯಾರೆಂದು ನೋಡದೆ ಉತ್ತರ ಕೊಡುವ ದೋಷ ಹಾಗೆಯೇ ಉಳಿದಿರುತ್ತದೆ.

ಪೋಷಕರು ಮತ್ತು ಮಗುವಿನ ನಡುವಿನ ನಂಟು

ನಿಯಮ ಬರೆಯುವ ಮುನ್ನ ‘ತಮ್ಮ ಮಗು’ ಎಂಬುದನ್ನು ಡೇಟಾಬೇಸಿಗೆ ತಿಳಿಯುವಂತೆ ಹೇಳಬೇಕು. ವಿದ್ಯಾರ್ಥಿಯ ದಾಖಲೆಯಲ್ಲೇ ‘ಪೋಷಕರ ಮೊಬೈಲ್’ ಎಂಬ ಒಂದು ಕಲಂ ಇಟ್ಟು, ಆ ಸಂಖ್ಯೆಯಿಂದ ಬಂದವರಿಗೆ ಅಂಕ ತೋರಿಸುವುದು ಸಾಮಾನ್ಯವಾಗಿ ಕಾಣುವ ವಿಧಾನ. ಇದು ಬೇಗ ಕೈಕೊಡುತ್ತದೆ. ತಂದೆ ತಾಯಿ ಇಬ್ಬರೂ ಬೇರೆ ಬೇರೆ ಮೊಬೈಲಿನಿಂದ ನೋಡಲು ಬಯಸುತ್ತಾರೆ. ಒಬ್ಬ ಪೋಷಕರಿಗೆ ಎರಡು ಮಕ್ಕಳಿರುತ್ತಾರೆ. ಅಜ್ಜಿಯ ಮನೆಯಲ್ಲಿದ್ದು ಓದುವ ಮಗುವಿಗೆ ಸೋದರಮಾವ ಪೋಷಕರಾಗಿರಬಹುದು. ಬಳಸದೆ ಬಿಟ್ಟ ಸಿಮ್ ಸಂಖ್ಯೆಯನ್ನು ದೂರವಾಣಿ ಕಂಪನಿ ಬೇರೊಬ್ಬರಿಗೆ ಕೊಟ್ಟಿರಬಹುದು. ಒಂದು ಕಲಮ್ಮಿನಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ.

ಆದ್ದರಿಂದ ನಂಟಿಗೆಂದೇ ಮೂರನೆಯ ಕೋಷ್ಟಕ ಬೇಕಾಗುತ್ತದೆ. ಪೋಷಕರ ಕೋಷ್ಟಕ ಒಂದು, ವಿದ್ಯಾರ್ಥಿಗಳ ಕೋಷ್ಟಕ ಇನ್ನೊಂದು, ಇವೆರಡನ್ನೂ ಕೂಡಿಸುವ `guardian_link` ಮತ್ತೊಂದು. ಈ ಮೂರನೆಯದರ ಪ್ರತಿ ಸಾಲಿನಲ್ಲಿ ಪೋಷಕರ ಸಂಖ್ಯೆ, ವಿದ್ಯಾರ್ಥಿಯ ಸಂಖ್ಯೆ, ನಂಟು ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ ಎಂಬ ಎರಡು ದಿನಾಂಕ ಇರುತ್ತವೆ. 27ನೇ ಪೋಷಕರಿಗೆ ಇಲ್ಲಿ ಎರಡು ಸಾಲು: 27 ಮತ್ತು 1043, 27 ಮತ್ತು 1051. ಮಗುವಿನ ಇನ್ನೊಬ್ಬ ಪೋಷಕರಿಗೆ ಅವರ ಹೆಸರಿನಲ್ಲಿ ಬೇರೆ ಸಾಲುಗಳು.

ದಿನಾಂಕ ಇಡುವುದಕ್ಕೂ ಕಾರಣವಿದೆ. ಮಗುವಿನ ಜವಾಬ್ದಾರಿ ನ್ಯಾಯಾಲಯದ ಆದೇಶದಿಂದ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ, ಅಥವಾ ಮಗು ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಸೇರಿದಾಗ, ಹಳೆಯ ಸಾಲನ್ನು ಅಳಿಸಿದರೆ ಹಿಂದೆ ಯಾರಿಗೆ ಅವಕಾಶವಿತ್ತು ಎಂಬುದೂ ಅಳಿಸಿಹೋಗುತ್ತದೆ. ಕೊನೆಯ ದಿನಾಂಕ ತುಂಬಿದರೆ ಅವಕಾಶ ಅಂದಿಗೆ ಮುಗಿಯುತ್ತದೆ, ದಾಖಲೆ ಮಾತ್ರ ಉಳಿಯುತ್ತದೆ.

ನಿಯಮ ಎಲ್ಲಿರಬೇಕು

ನಂಟಿನ ಕೋಷ್ಟಕ ಸಿದ್ಧವಾದ ಮೇಲೆ ಅದನ್ನು ನೋಡಿ ತಡೆಯುವ ಕೆಲಸವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಬರುತ್ತದೆ. ಪೋರ್ಟಲ್ಲಿನ ಪ್ರತಿ ಪುಟದಲ್ಲೂ ಇಡಬಹುದು. ಆದರೆ ಅಂಕಗಳು ಒಂದೇ ಪುಟದಲ್ಲಿ ಕಾಣುವಂಥವಲ್ಲ. ಅಂಕಪಟ್ಟಿಯ ಪುಟ, ಮುದ್ರಿಸಲು ಇಳಿಸಿಕೊಳ್ಳುವ ಪಿಡಿಎಫ್, ಹಿಂದಿನ ಪರೀಕ್ಷೆಗಳ ಜೊತೆ ಹೋಲಿಸುವ ರೇಖಾಚಿತ್ರ, ಮೊಬೈಲಿಗೆ ಹೋಗುವ ಸಂದೇಶ, ಎಲ್ಲವೂ ಪ್ರತ್ಯೇಕವಾಗಿ ಡೇಟಾಬೇಸನ್ನು ಕೇಳುತ್ತವೆ. ಹತ್ತು ಕಡೆ ಬರೆದ ನಿಯಮವನ್ನು ಹನ್ನೊಂದನೆಯ ಕಡೆ ಬರೆಯಲು ಮರೆತರೆ ಸಾಕು. ಎರಡು ವರ್ಷದ ನಂತರ ಹೊಸ ಪುಟ ಸೇರಿಸುವವರಿಗೆ ಇಂಥದೊಂದು ನಿಯಮ ಇದೆಯೆಂಬುದೇ ಗೊತ್ತಿಲ್ಲದಿರಬಹುದು.

ಹಾಗಾಗಿ ಅಂಕಗಳಿರುವ ಕೋಷ್ಟಕಕ್ಕೇ ನಿಯಮವನ್ನು ಅಂಟಿಸುವುದು ಹೆಚ್ಚು ಭದ್ರ. ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸಿನಲ್ಲಿ ಈ ಸೌಲಭ್ಯ 2016ರ ಜನವರಿಯಲ್ಲಿ ಬಿಡುಗಡೆಯಾದ 9.5ನೇ ಆವೃತ್ತಿಯಿಂದ ಇದೆ. ಇದಕ್ಕೆ ಸಾಲು ಮಟ್ಟದ ಭದ್ರತೆ ಎನ್ನಬಹುದು. ಪುಟ ಯಾವುದೇ ಇರಲಿ, ಯಾರೇ ಬರೆದಿರಲಿ, ಪ್ರಶ್ನೆ ಕೋಷ್ಟಕಕ್ಕೆ ತಲುಪಿದಾಗ ಡೇಟಾಬೇಸ್ ತಾನೇ ಈ ಷರತ್ತನ್ನು ಅದಕ್ಕೆ ಸೇರಿಸಿಕೊಳ್ಳುತ್ತದೆ:

```sql
ALTER TABLE marks ENABLE ROW LEVEL SECURITY;

CREATE POLICY own_child ON marks
FOR SELECT TO parent_app
USING (student_id IN (
  SELECT g.student_id FROM guardian_link g
  WHERE g.parent_id =
    nullif(current_setting('app.parent_id', true), '')::int
  AND current_date BETWEEN g.valid_from AND coalesce(g.valid_to, 'infinity')
));
```

ಮೊದಲ ಸಾಲು ಕೋಷ್ಟಕಕ್ಕೆ ಬೀಗ ಹಾಕುತ್ತದೆ. ಆ ಒಂದು ಸಾಲನ್ನಷ್ಟೇ ನಡೆಸಿ, ಯಾವ ನಿಯಮವನ್ನೂ ಬರೆಯದೆ ಬಿಟ್ಟರೆ ಪೋರ್ಟಲ್ಲಿಗೆ ಒಂದು ಸಾಲೂ ಕಾಣುವುದಿಲ್ಲ. ಅನುಮತಿ ಎಂದು ಬರೆದದ್ದಕ್ಕೆ ಮಾತ್ರ ಅನುಮತಿ, ಉಳಿದದ್ದಕ್ಕೆಲ್ಲ ಇಲ್ಲ. ನಂತರದ ಭಾಗ ಹೇಳುವುದು ಇಷ್ಟು: `parent_app` ಎಂಬ ಹೆಸರಿನಲ್ಲಿ ಬಂದು ಓದುವವರಿಗೆ, ಈಗ ಲಾಗಿನ್ ಆಗಿರುವ ಪೋಷಕರ ಜೊತೆ ಇವತ್ತಿನ ದಿನ ಚಾಲ್ತಿಯಲ್ಲಿರುವ ನಂಟು ಯಾವ ಮಕ್ಕಳಿಗಿದೆಯೋ ಆ ಮಕ್ಕಳ ಸಾಲುಗಳು ಮಾತ್ರ ಇವೆ. ನಂಟಿನ ಕೋಷ್ಟಕವನ್ನು ಓದುವ ಹಕ್ಕು `parent_app`ಗೆ ಇರಬೇಕು. ಅಲ್ಲಿಯೂ ಪ್ರತಿ ಪೋಷಕರಿಗೆ ತಮ್ಮ ಸಾಲುಗಳು ಮಾತ್ರ ಕಾಣುವಂತೆ ಇಂಥದೇ ಚಿಕ್ಕ ನಿಯಮ ಬೇಕು; ಇಲ್ಲದಿದ್ದರೆ ಯಾರ ಮನೆಯ ಮಗು ಯಾರು ಎಂಬ ಪಟ್ಟಿಯೇ ಹೊರಬೀಳುತ್ತದೆ. ಶಿಕ್ಷಕರಿಗೆ ಬೇರೆ ಹೆಸರು, ಬೇರೆ ನಿಯಮ: ತಾವು ಪಾಠ ಮಾಡುವ ವಿಭಾಗದ, ತಮ್ಮ ವಿಷಯದ ಸಾಲುಗಳು.

ಒಂದು ಕೋರಿಕೆ ಸಾಗುವ ದಾರಿ

ಡೇಟಾಬೇಸಿಗೆ ಪೋಷಕರು ನೇರವಾಗಿ ಬರುವುದಿಲ್ಲ. ಸರ್ವರ್ ಕೆಲವೇ ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಎಲ್ಲ ಪೋಷಕರ ಕೋರಿಕೆಗಳನ್ನೂ ಸರದಿಯ ಮೇಲೆ ಅವುಗಳಲ್ಲೇ ಕಳಿಸುತ್ತದೆ. ಹಾಗಾಗಿ ಪ್ರತಿ ಕೋರಿಕೆಯ ಆರಂಭದಲ್ಲಿ ‘ಈಗ ಕೇಳುತ್ತಿರುವವರು 27’ ಎಂದು ಸರ್ವರ್ ಹೇಳಬೇಕು. ಈ ಸಂಖ್ಯೆಯನ್ನು ಅದು ಲಾಗಿನ್ ದಾಖಲೆಯಿಂದ ತೆಗೆದುಕೊಳ್ಳುತ್ತದೆ, ವಿಳಾಸಪಟ್ಟಿಯಿಂದಲ್ಲ. 27ನೇ ಪೋಷಕರು ವಿಳಾಸದಲ್ಲಿ 1044 ಎಂದು ಬದಲಿಸಿದಾಗ ಡೇಟಾಬೇಸಿಗೆ ಹೋಗುವುದು ಇದು:

```sql
BEGIN;
SELECT set_config('app.parent_id', '27', true);
SELECT subject, exam, score FROM marks
WHERE student_id = 1044;
COMMIT;
```

ಡೇಟಾಬೇಸ್ ನಂಟಿನ ಕೋಷ್ಟಕದಲ್ಲಿ 27ಕ್ಕೆ ಸೇರಿದ ಮಕ್ಕಳನ್ನು ಹುಡುಕುತ್ತದೆ, 1043 ಮತ್ತು 1051 ಸಿಗುತ್ತವೆ. ಕೇಳಿದ್ದು 1044. ಎರಡು ಷರತ್ತುಗಳಿಗೂ ಹೊಂದುವ ಸಾಲು ಒಂದೂ ಇಲ್ಲ. ಉತ್ತರವಾಗಿ ಬರುವುದು ಸೊನ್ನೆ ಸಾಲು. ‘ನಿಮಗೆ ಅನುಮತಿ ಇಲ್ಲ’ ಎಂಬ ದೋಷಸಂದೇಶವೂ ಬರುವುದಿಲ್ಲ. 1044 ಎಂಬ ವಿದ್ಯಾರ್ಥಿ ಶಾಲೆಯಲ್ಲಿ ಇದ್ದಾರೆಯೇ ಇಲ್ಲವೇ ಎಂಬುದೂ ಕೇಳಿದವರಿಗೆ ತಿಳಿಯುವುದಿಲ್ಲ. ಪೋರ್ಟಲ್ಲಿನ ಪುಟವೂ ಇದಕ್ಕೆ ತಕ್ಕಂತೆ, ಇಲ್ಲದ ಸಂಖ್ಯೆ 9999ಕ್ಕೆ ಏನು ತೋರಿಸುತ್ತದೋ 1044ಕ್ಕೂ ಅದನ್ನೇ ತೋರಿಸಬೇಕು. ಎರಡಕ್ಕೂ ಬೇರೆ ಬೇರೆ ಸಂದೇಶ ಕೊಟ್ಟರೆ ಯಾವ ಸಂಖ್ಯೆಗಳಲ್ಲಿ ಮಕ್ಕಳಿದ್ದಾರೆ ಎಂಬುದನ್ನು ಒಂದೊಂದಾಗಿ ಪತ್ತೆ ಮಾಡಬಹುದು.

ಎರಡನೆಯ ಸಾಲಿನ ಕೊನೆಯ `true` ಎಂಬ ಪದದ ಮೇಲೆ ಬಹಳಷ್ಟು ನಿಂತಿದೆ. ‘ಈ ಗುರುತು ಈ ವ್ಯವಹಾರ ಮುಗಿಯುವವರೆಗೆ ಮಾತ್ರ’ ಎಂದು ಅದರ ಅರ್ಥ. ಅಲ್ಲಿ `false` ಎಂದಿದ್ದರೆ ಕೋರಿಕೆ ಮುಗಿದ ಮೇಲೂ 27 ಎಂಬ ಗುರುತು ಆ ಸಂಪರ್ಕಕ್ಕೆ ಅಂಟಿಕೊಂಡಿರುತ್ತದೆ. ಮುಂದಿನ ಕ್ಷಣ ಅದೇ ಸಂಪರ್ಕದಲ್ಲಿ ಇನ್ನೊಬ್ಬ ಪೋಷಕರ ಕೋರಿಕೆ ಬಂದು, ಯಾವುದೋ ಪುಟ ಗುರುತು ಹೇಳಲು ಮರೆತರೆ, ಅವರಿಗೆ 27ರ ಮಕ್ಕಳ ಅಂಕ ಕಾಣುತ್ತದೆ. ಒಬ್ಬರೇ ಕೂತು ಪರೀಕ್ಷಿಸುವಾಗ ಈ ದೋಷ ಕಾಣಿಸುವುದಿಲ್ಲ. ಫಲಿತಾಂಶದ ದಿನ ನೂರಾರು ಜನ ಒಟ್ಟಿಗೆ ಬಂದಾಗ ಯಾರಿಗೋ ಒಬ್ಬರಿಗೆ ಒಮ್ಮೆ ಬೇರೆ ಮಗುವಿನ ಅಂಕ ಕಂಡು, ಪುಟ ಮತ್ತೆ ತೆರೆದಾಗ ಸರಿಹೋಗಿರುತ್ತದೆ. ಹೀಗೆ ಆಗೊಮ್ಮೆ ಈಗೊಮ್ಮೆ ಅದಲುಬದಲಾಗುವ ದೂರು ಬಂದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು.

ನಿಯಮದೊಳಗಿನ `nullif` ಕೂಡ ಇದೇ ಕಾರಣಕ್ಕೆ ಇದೆ. ಒಮ್ಮೆ ಬಳಸಿದ ಸಂಪರ್ಕದಲ್ಲಿ ವ್ಯವಹಾರ ಮುಗಿದ ಮೇಲೆ ಗುರುತಿನ ಜಾಗದಲ್ಲಿ ಬರಿದಾದ ಅಕ್ಷರಮಾಲೆ ಉಳಿಯುತ್ತದೆ. ಅದನ್ನು ಸಂಖ್ಯೆಯಾಗಿ ಓದಲು ಹೋದರೆ ದೋಷ ಬರುತ್ತದೆ. `nullif` ಅದನ್ನು ‘ಏನೂ ಇಲ್ಲ’ ಎಂದು ಮಾಡುತ್ತದೆ, ಏನೂ ಇಲ್ಲದ ಪೋಷಕರಿಗೆ ಯಾವ ಮಗುವೂ ಹೊಂದುವುದಿಲ್ಲ. ಗುರುತು ಹೇಳಲು ಮರೆತ ಪುಟಕ್ಕೆ ಖಾಲಿ ಉತ್ತರ ಸಿಗುತ್ತದೆ, ಎಲ್ಲರ ಅಂಕ ಸಿಗುವುದಿಲ್ಲ.

ಎರಡು ನಿಯಮಗಳು ಕೂಡಿದಾಗ

ಶಾಲೆಗಳಲ್ಲಿ ಬೇಗನೆ ಬರುವ ಎರಡನೆಯ ಬೇಡಿಕೆ ಪ್ರಕಟಣೆಯದು. ಶಿಕ್ಷಕರು ಅಂಕಗಳನ್ನು ವಾರಪೂರ್ತಿ ತುಂಬುತ್ತಾ, ತಿದ್ದುತ್ತಾ ಇರುತ್ತಾರೆ. ಮುಖ್ಯ ಶಿಕ್ಷಕರು ಒಪ್ಪಿಗೆ ಕೊಡುವವರೆಗೆ ಪೋಷಕರಿಗೆ ಅವು ಕಾಣಬಾರದು. ಅದಕ್ಕಾಗಿ ಕೋಷ್ಟಕಕ್ಕೆ `published` ಎಂಬ ಕಲಂ ಸೇರಿಸಿ, ಹೊಸದೊಂದು ನಿಯಮ ಬರೆಯುವುದು ಸಹಜ:

```sql
CREATE POLICY after_publish ON marks
FOR SELECT TO parent_app
USING (published);
```

ಓದಲು ಇದು ಸರಿಯಾಗಿಯೇ ಇದೆ: ಪೋಷಕರಿಗೆ ಪ್ರಕಟವಾದ ಅಂಕಗಳು ಮಾತ್ರ. ಆದರೆ ಇದನ್ನು ನಡೆಸಿದ ಗಳಿಗೆಯಿಂದ ಇಡೀ ಶಾಲೆಯ ಪ್ರಕಟಿತ ಅಂಕಗಳು ಪ್ರತಿ ಪೋಷಕರಿಗೂ ತೆರೆದುಕೊಳ್ಳುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಮಾಮೂಲಿ ನಿಯಮಗಳು ಒಂದೊಂದೂ ಬೇರೆ ಬೇರೆ ಬಾಗಿಲಿದ್ದಂತೆ. ಯಾವ ಬಾಗಿಲಿನಿಂದ ಬಂದರೂ ಒಳಗೆ ಬಂದಂತೆಯೇ. ಅವು ‘ಅಥವಾ’ ಎಂದು ಕೂಡುತ್ತವೆ. ‘ತಮ್ಮ ಮಗುವಿನದ್ದಾದರೆ ಅಥವಾ ಪ್ರಕಟವಾಗಿದ್ದರೆ ಕಾಣಲಿ’ ಎಂದಾಗುತ್ತದೆ.

ಉದಾಹರಣೆಯಲ್ಲಿ ಇದರ ಪರಿಣಾಮ ಹೀಗಿರುತ್ತದೆ. 1043ರ ಎಸ್‌ಎ-1 ಗಣಿತದ ಅಂಕ ಇನ್ನೂ ಪ್ರಕಟವಾಗಿಲ್ಲ, 1044ರ ಎಫ್‌ಎ-2 ಗಣಿತದ ಅಂಕ ಪ್ರಕಟವಾಗಿದೆ. 27ನೇ ಪೋಷಕರಿಗೆ ಮೊದಲನೆಯದು ‘ತಮ್ಮ ಮಗು’ ಎಂಬ ಬಾಗಿಲಿನಿಂದ ಕಾಣುತ್ತದೆ, ಎರಡನೆಯದು ‘ಪ್ರಕಟವಾಗಿದೆ’ ಎಂಬ ಬಾಗಿಲಿನಿಂದ ಕಾಣುತ್ತದೆ. ಎರಡೂ ಕಾಣಬಾರದವು. ಒಂದು ಬಿಗಿಪಡಿಸುವ ನಿಯಮ ಸೇರಿಸಲು ಹೋಗಿ ಮೊದಲಿದ್ದ ತಡೆಯೂ ಸಡಿಲವಾಯಿತು.

ಸರಿಪಡಿಸಲು ಎರಡು ಪದ ಸಾಕು. ಮೊದಲ ಸಾಲನ್ನು `CREATE POLICY after_publish ON marks AS RESTRICTIVE` ಎಂದು ಬದಲಿಸಿದರೆ ಆ ನಿಯಮ ಬಾಗಿಲಾಗಿ ಉಳಿಯುವುದಿಲ್ಲ, ಎಲ್ಲ ಬಾಗಿಲುಗಳ ಮೇಲಿನ ಹೆಚ್ಚುವರಿ ಷರತ್ತಾಗುತ್ತದೆ. ಆಗ ‘ತಮ್ಮ ಮಗುವಿನದ್ದೂ ಆಗಿರಬೇಕು, ಪ್ರಕಟವೂ ಆಗಿರಬೇಕು’ ಎಂಬ ಅರ್ಥ ಬರುತ್ತದೆ. ಈ ಸೌಲಭ್ಯ 2017ರ 10ನೇ ಆವೃತ್ತಿಯಿಂದ ಇದೆ. ಹೊಸ ನಿಯಮ ಸೇರಿಸುವವರು ಅದು ದಾರಿ ತೆರೆಯುವಂಥದೋ ಕಿರಿದಾಗಿಸುವಂಥದೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ನಿಯಮವನ್ನು ದಾಟಿಹೋಗುವ ದಾರಿಗಳು

ನಿಯಮ ಸರಿಯಾಗಿದ್ದೂ ಅದು ಅನ್ವಯಿಸದ ಸಂದರ್ಭಗಳಿವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಕೋಷ್ಟಕವನ್ನು ರಚಿಸಿದ ಹೆಸರಿನಲ್ಲೇ ಪೋರ್ಟಲ್ ಡೇಟಾಬೇಸಿಗೆ ಬರುವುದು. ಕೋಷ್ಟಕದ ಒಡೆಯರಿಗೆ ಸಾಲು ಮಟ್ಟದ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಸೂಪರ್‌ಯೂಸರ್‌ಗೂ, `BYPASSRLS` ಎಂಬ ವಿಶೇಷ ಹಕ್ಕು ಪಡೆದವರಿಗೂ ಅನ್ವಯಿಸುವುದೇ ಇಲ್ಲ. ಸಣ್ಣ ಪೋರ್ಟಲ್ಲುಗಳಲ್ಲಿ ಕೋಷ್ಟಕ ಕಟ್ಟಲೂ ಪುಟ ತೋರಿಸಲೂ ಒಂದೇ ಹೆಸರು ಬಳಸುವ ರೂಢಿಯಿದೆ. ಅಲ್ಲಿ ನಿಯಮ ಬರೆದಿಟ್ಟಿದ್ದರೂ ಅದು ಒಮ್ಮೆಯೂ ಕೆಲಸ ಮಾಡಿರುವುದಿಲ್ಲ. ಪುಟದಲ್ಲಿ ಸರಿಯಾದ ಅಂಕವೇ ಕಾಣುತ್ತಿರುವುದರಿಂದ ಇದು ಯಾರ ಗಮನಕ್ಕೂ ಬಾರದು. ಪೋಷಕರ ಪುಟಗಳಿಗೆ ಓದುವ ಹಕ್ಕು ಮಾತ್ರ ಇರುವ ಪ್ರತ್ಯೇಕ ಹೆಸರು ಕೊಡುವುದು ಇದಕ್ಕೆ ಮದ್ದು. ಒಡೆಯರ ಮೇಲೂ ನಿಯಮ ಹೇರಬೇಕೆಂದರೆ `FORCE ROW LEVEL SECURITY` ಎಂಬ ಆಜ್ಞೆ ಇದೆ.

ಎರಡನೆಯದು ವ್ಯೂ, ಅಂದರೆ ಆಗಾಗ್ಗೆ ಬೇಕಾಗುವ ಪ್ರಶ್ನೆಯನ್ನು ಹೆಸರಿಟ್ಟು ಉಳಿಸಿಕೊಂಡದ್ದು. ‘ಅಂಕಪಟ್ಟಿ’ ಎಂಬ ವ್ಯೂ ಮಾಡಿಟ್ಟರೆ ಅದು ಮಾಮೂಲಿಯಾಗಿ ಅದನ್ನು ರಚಿಸಿದವರ ಹಕ್ಕಿನಲ್ಲೇ ಕೋಷ್ಟಕವನ್ನು ಓದುತ್ತದೆ, ಕೇಳಿದವರ ಹಕ್ಕಿನಲ್ಲಲ್ಲ. ರಚಿಸಿದವರು ಕೋಷ್ಟಕದ ಒಡೆಯರೇ ಆಗಿದ್ದರೆ ಎಲ್ಲ ಸಾಲುಗಳೂ ಹೊರಬರುತ್ತವೆ. 2022ರ 15ನೇ ಆವೃತ್ತಿಯಿಂದ `security_invoker` ಎಂದು ಸೂಚಿಸಿ ಇದನ್ನು ತಪ್ಪಿಸಬಹುದು.

ಮೂರನೆಯದು ಡೇಟಾಬೇಸಿನ ಹೊರಗೆ ಉಳಿದ ನಕಲುಗಳು. ಫಲಿತಾಂಶದ ದಿನ ಹೊರೆ ತಗ್ಗಿಸಲೆಂದು ಎಲ್ಲರ ಅಂಕಪಟ್ಟಿಯನ್ನೂ ಮುಂಚಿತವಾಗಿ ಪಿಡಿಎಫ್ ಮಾಡಿ `report_1043.pdf`, `report_1044.pdf` ಎಂದು ಒಂದು ಫೋಲ್ಡರಿನಲ್ಲಿ ಇಟ್ಟರೆ ಡೇಟಾಬೇಸಿನ ನಿಯಮಕ್ಕೂ ಆ ಕಡತಕ್ಕೂ ಸಂಬಂಧವೇ ಇರುವುದಿಲ್ಲ. ಅಂಕಿ ಬದಲಿಸುವ ಹಳೆಯ ದೋಷ ಹಿಂಬಾಗಿಲಿನಿಂದ ಮರಳಿ ಬರುತ್ತದೆ. ಪುಟಗಳನ್ನು ತಾತ್ಕಾಲಿಕವಾಗಿ ಉಳಿಸಿಟ್ಟು ಬೇಗ ಕೊಡುವ ಕ್ಯಾಶ್‌ನಲ್ಲೂ ಇದೇ ಅಪಾಯ. ‘ನನ್ನ ಮಗುವಿನ ಅಂಕಗಳು’ ಎಂಬ ಪುಟದ ವಿಳಾಸ ಎಲ್ಲ ಪೋಷಕರಿಗೂ ಒಂದೇ ಆಗಿದ್ದು, ಕ್ಯಾಶ್ ವಿಳಾಸವನ್ನು ಮಾತ್ರ ನೋಡಿ ಉತ್ತರ ಕೊಡುತ್ತಿದ್ದರೆ, ಮೊದಲು ಬಂದವರ ಪುಟವೇ ನಂತರ ಬಂದವರಿಗೂ ಹೋಗುತ್ತದೆ. ಕಡತವನ್ನು ಕೇಳಿದಾಗಲೇ ತಯಾರಿಸಿ ಕೊಡುವುದು, ಅಂಕಗಳಿರುವ ಪುಟವನ್ನು ಹಂಚಿಕೆಯ ಕ್ಯಾಶ್‌ನಲ್ಲಿ ಇಡದಿರುವುದು ಇಲ್ಲಿ ಪಾಲಿಸಬೇಕಾದ ಕ್ರಮ.

ಸರಾಸರಿಯಲ್ಲಿ ಅಡಗಿದ ಅಂಕ

ಬೇರೆ ಮಗುವಿನ ಸಾಲು ಕಾಣದಿದ್ದರೂ ಅಂಕ ಗೊತ್ತಾಗುವ ಸಂದರ್ಭ ಒಂದಿದೆ. ಎಷ್ಟೋ ಪೋರ್ಟಲ್ಲುಗಳು ಮಗುವಿನ ಅಂಕದ ಪಕ್ಕದಲ್ಲೇ ತರಗತಿಯ ಸರಾಸರಿ ತೋರಿಸುತ್ತವೆ. ನಲವತ್ತು ಮಕ್ಕಳ ಸರಾಸರಿಯಿಂದ ಯಾರೊಬ್ಬರ ಅಂಕವನ್ನೂ ಬಿಡಿಸಿ ತೆಗೆಯಲಾಗದು. ಆದರೆ ಎಂಟನೇ ತರಗತಿಯಲ್ಲಿ ತೃತೀಯ ಭಾಷೆಯಾಗಿ ಸಂಸ್ಕೃತ ಆಯ್ದವರು 1043 ಮತ್ತು 1044 ಇಬ್ಬರೇ ಎಂದಿಟ್ಟುಕೊಂಡರೆ ಚಿತ್ರ ಬದಲಾಗುತ್ತದೆ. 1043ರ ಅಂಕ 64, ಸರಾಸರಿ 71 ಎಂದು ಪುಟ ತೋರಿಸುತ್ತದೆ. 71ರ ಎರಡರಷ್ಟು 142, ಅದರಲ್ಲಿ 64 ಕಳೆದರೆ 78. ಅದು 1044ರ ಅಂಕ.

ಮೇಲಿನ ನಿಯಮ ಜಾರಿಯಲ್ಲಿದ್ದರೆ ಸರಾಸರಿಯನ್ನು ಪೋಷಕರ ಹೆಸರಿನಲ್ಲಿ ಲೆಕ್ಕ ಹಾಕಲು ಬರುವುದೇ ಇಲ್ಲ, ಅವರ ಮಕ್ಕಳ ಸಾಲುಗಳಷ್ಟೇ ಲೆಕ್ಕಕ್ಕೆ ಸಿಗುತ್ತವೆ. ಆದ್ದರಿಂದ ಸರಾಸರಿಗಳನ್ನು ಬೇರೆ ಹಕ್ಕಿನಲ್ಲಿ ಲೆಕ್ಕ ಹಾಕಿ ಪ್ರತ್ಯೇಕ ಕೋಷ್ಟಕದಲ್ಲಿ ಇಡಬೇಕಾಗುತ್ತದೆ. ಅಲ್ಲಿ ಗುಂಪು ಚಿಕ್ಕದಾದರೆ ಸರಾಸರಿ ತೋರಿಸಬಾರದೆಂಬ ಮಿತಿ ಹಾಕಬೇಕು. ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ತೋರಿಸುವುದಿಲ್ಲ ಎಂದೋ ಇನ್ನೊಂದೋ, ಮಿತಿಯನ್ನು ಶಾಲೆಯೇ ಗೊತ್ತುಮಾಡಬಹುದು. ‘ಅತಿ ಹೆಚ್ಚು ಅಂಕ’, ‘ಅತಿ ಕಡಿಮೆ ಅಂಕ’ ಎಂಬ ಸಾಲುಗಳು ಮಾತ್ರ ಗುಂಪು ಎಷ್ಟೇ ದೊಡ್ಡದಿರಲಿ, ಯಾರೋ ಒಂದು ಮಗುವಿನ ಅಂಕವೇ ಆಗಿರುತ್ತವೆ. ತರಗತಿಯಲ್ಲಿ ಯಾರು ಹಿಂದೆ ಎಂಬುದು ಎಲ್ಲರಿಗೂ ಗೊತ್ತಿದ್ದಾಗ ಕನಿಷ್ಠ ಅಂಕ ಯಾರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷಿಸುವ ಬಗೆ

ಇಂಥ ನಿಯಮವನ್ನು ‘ತಮ್ಮ ಮಗುವಿನ ಅಂಕ ಕಾಣುತ್ತದೆಯೇ’ ಎಂದು ನೋಡಿ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ, ನಿಯಮವೇ ಇಲ್ಲದ ಪೋರ್ಟಲ್ಲೂ ಅದರಲ್ಲಿ ಪಾಸಾಗುತ್ತದೆ. ಕಾಣಬಾರದ್ದನ್ನು ಕೇಳಿ ನೋಡಬೇಕು. ಎರಡು ಪರೀಕ್ಷಾ ಪೋಷಕರ ಖಾತೆಗಳನ್ನು ಮಾಡಿಕೊಂಡು, ಮೊದಲನೆಯವರಾಗಿ ಲಾಗಿನ್ ಆಗಿ ಎರಡನೆಯವರ ಮಗುವಿನ ಸಂಖ್ಯೆಯನ್ನು ಪ್ರತಿ ಪುಟಕ್ಕೂ, ಪ್ರತಿ ಪಿಡಿಎಫ್ ಲಿಂಕಿಗೂ ಕೊಡಬೇಕು. ಎಲ್ಲೆಡೆ ಖಾಲಿ ಉತ್ತರ ಬರಬೇಕು.

ನಂತರ ಡೇಟಾಬೇಸಿನ ಮಟ್ಟದಲ್ಲೂ ಇದೇ ಪ್ರಶ್ನೆ ಕೇಳಬೇಕು. ಯಾವ ಷರತ್ತೂ ಇಲ್ಲದೆ `SELECT count(*) FROM marks` ಎಂದು ಪೋರ್ಟಲ್ ಬಳಸುವ ಹೆಸರಿನಲ್ಲೇ ಕೇಳಿದಾಗ, ಗುರುತು ಹೇಳದಿದ್ದರೆ 0 ಬರಬೇಕು. 27 ಎಂದು ಹೇಳಿದರೆ, ವರ್ಷದ ಎಲ್ಲ ಫಲಿತಾಂಶ ಪ್ರಕಟವಾದ ಮೇಲೆ, ಇಬ್ಬರು ಮಕ್ಕಳ ಲೆಕ್ಕದಲ್ಲಿ 72 ಬರಬೇಕು. 21,600 ಬಂದರೆ ನಿಯಮ ಅನ್ವಯಿಸುತ್ತಿಲ್ಲ ಎಂದೇ ಅರ್ಥ. ಇದನ್ನು ನಿರ್ವಾಹಕರ ಹೆಸರಿನಲ್ಲಿ ಕೇಳಿದರೆ ಪರೀಕ್ಷೆಯೇ ವ್ಯರ್ಥ, ಅವರಿಗೆ ಹೇಗೂ ಎಲ್ಲವೂ ಕಾಣುತ್ತದೆ. ನಂಟಿನ ದಿನಾಂಕವನ್ನೂ ಹೀಗೆಯೇ ನೋಡಬೇಕು: ಒಂದು ನಂಟಿಗೆ ನಿನ್ನೆಯ ಕೊನೆಯ ದಿನಾಂಕ ಹಾಕಿದರೆ ಲೆಕ್ಕ 72ರಿಂದ 36ಕ್ಕೆ ಇಳಿಯಬೇಕು.

ಪೋರ್ಟಲ್ ಬಳಕೆಗೆ ಬಂದ ಮೇಲೆ ಸರ್ವರಿನ ದಾಖಲೆಯಲ್ಲಿ ಗಮನಿಸಬೇಕಾದ ಒಂದು ಗುರುತಿದೆ. ಒಬ್ಬರೇ ಪೋಷಕರ ಖಾತೆಯಿಂದ 1044, 1045, 1046 ಎಂದು ಒಂದರ ಹಿಂದೊಂದು ಸಂಖ್ಯೆಗೆ ಕೋರಿಕೆ ಬಂದು ಎಲ್ಲಕ್ಕೂ ಖಾಲಿ ಉತ್ತರ ಹೋಗಿದ್ದರೆ ಯಾರೋ ಸಂಖ್ಯೆ ಬದಲಿಸಿ ನೋಡುತ್ತಿದ್ದಾರೆ. ನಿಯಮ ಅವರನ್ನು ತಡೆದಿದೆ, ಆದರೆ ತಡೆಯದ ಇನ್ನೊಂದು ಪುಟ ಅವರಿಗೆ ಸಿಗುವ ಮುನ್ನ ಶಾಲೆಗೆ ತಿಳಿಯುವುದು ಒಳ್ಳೆಯದು.

ನಿಯಮದ ಮಿತಿ

ಡೇಟಾಬೇಸ್ ನಂಟಿನ ಕೋಷ್ಟಕವನ್ನು ಪ್ರಶ್ನಿಸುವುದಿಲ್ಲ. ದಾಖಲಾತಿಯ ಸಮಯದಲ್ಲಿ ಶಾಲೆಯ ಕಚೇರಿಯಲ್ಲಿ 1051ರ ಬದಲು 1015 ಎಂದು ಬೆರಳಚ್ಚಾದರೆ ನಿಯಮ ಅಷ್ಟೇ ನಿಷ್ಠೆಯಿಂದ ಬೇರೆ ಮನೆಯ ಮಗುವಿನ ಅಂಕ ತೋರಿಸುತ್ತದೆ. ಮೊಬೈಲ್ ಸಂಖ್ಯೆ ಬದಲಾಗಿದೆ ಎಂದು ಫೋನ್ ಮಾಡಿ ಹೇಳಿದವರ ಮಾತನ್ನು ನಂಬಿ ಗುಮಾಸ್ತರು ಹೊಸ ಸಂಖ್ಯೆ ತುಂಬಿದರೆ ಒಟಿಪಿ ಆ ಹೊಸ ಸಂಖ್ಯೆಗೇ ಹೋಗುತ್ತದೆ. ಹಾಗಾಗಿ ನಂಟು ಸೇರಿಸುವ, ಬದಲಿಸುವ ಕೆಲಸಕ್ಕೆ ಕಚೇರಿಯಲ್ಲಿ ಒಂದು ಕಟ್ಟುನಿಟ್ಟು ಬೇಕು: ಪೋಷಕರು ಖುದ್ದಾಗಿ ಬಂದು ಸಹಿ ಹಾಕಿದ ಅರ್ಜಿ, ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ನೋಡಿ ಒಪ್ಪುವುದು, ಯಾರು ಯಾವಾಗ ಬದಲಿಸಿದರು ಎಂಬ ದಾಖಲೆ. ಮೊದಲ ಬಾರಿ ಲಾಗಿನ್ ಆದಾಗ ಅಂಕ ತೋರಿಸುವ ಮುನ್ನ ಮಗುವಿನ ಜನ್ಮದಿನಾಂಕ ಕೇಳಿದರೆ ಬೆರಳಚ್ಚಿನ ತಪ್ಪುಗಳು ಬಹುಮಟ್ಟಿಗೆ ಅಲ್ಲೇ ಸಿಕ್ಕಿಬೀಳುತ್ತವೆ. ಜನ್ಮದಿನಾಂಕ ಸಹಪಾಠಿಗಳಿಗೂ ಗೊತ್ತಿರುವುದರಿಂದ ಅದೊಂದನ್ನೇ ಪಾಸ್‌ವರ್ಡ್ ಮಾಡಲು ಬಾರದು.

ನಂಟು ಎಂದಿಗೆ ಮುಗಿಯಬೇಕು ಎಂಬುದನ್ನೂ ತಂತ್ರಾಂಶ ತಾನಾಗಿ ಹೇಳಲಾರದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು. ಅದೇ ಕಾಯ್ದೆ ವೈಯಕ್ತಿಕ ಮಾಹಿತಿ ಇಟ್ಟುಕೊಂಡವರು ಅದು ಸೋರದಂತೆ ಸಮಂಜಸವಾದ ಭದ್ರತಾ ಕ್ರಮ ಕೈಗೊಳ್ಳಬೇಕೆನ್ನುತ್ತದೆ, ಅದರಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಪ್ರೌಢಶಾಲೆಯಲ್ಲಿ ವಯಸ್ಸಿನ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಮಾತ್ರ ದ್ವಿತೀಯ ವರ್ಷದಲ್ಲಿ ಓದುತ್ತಿರುವಾಗಲೇ ಹಲವರಿಗೆ 18 ತುಂಬುತ್ತದೆ. ಆ ದಿನದ ನಂತರ ಪೋಷಕರಿಗೆ ಅಂಕ ಕಾಣಲು ವಿದ್ಯಾರ್ಥಿಯ ಒಪ್ಪಿಗೆ ಕೇಳಬೇಕೇ ಎಂಬುದನ್ನು ಸಂಸ್ಥೆ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ತೀರ್ಮಾನ ಯಾವುದಾದರೂ ಅದನ್ನು ಜಾರಿಗೆ ತರಲು ಹೊಸ ನಿಯಮ ಬರೆಯಬೇಕಾಗಿಲ್ಲ, ನಂಟಿನ ಸಾಲಿನಲ್ಲಿ ಕೊನೆಯ ದಿನಾಂಕ ತುಂಬಿದರೆ ಸಾಕು.